ಹಂಡೆ ನೀರು ಮತ್ತು ಬರ್ಗಂಡಿ ಕೂದಲು

ಇಳಕಲ್, ಹುನಗುಂದದ ಕಡೆ ಮದುವೆಗೆಂದು ಕೂದಲಿಗೆ ಬರ್ಗಂಡಿ ಬಣ್ಣ ಹಚ್ಚಿಸಿಕೊಂಡವರು ಮರುದಿನವೇ ಹಂಡೆಯ ಬಿಸಿನೀರಿನಲ್ಲಿ ತಲೆ ಎರೆದುಕೊಂಡರೆ ಬಚ್ಚಲಲ್ಲಿ ಕೆಂಪು ನೊರೆ ಹರಿಯುತ್ತದೆ. ಬೈಗುಳವೆಲ್ಲ ಪಾರ್ಲರಿನವರಿಗೆ!

ಬಣ್ಣ ಕೂರುವುದು ಹೀಗೆ: ಅಮೋನಿಯಾ ಕೂದಲಿನ ಹೊರಪದರದ ಹುರುಪೆಗಳನ್ನು ಬಿಡಿಸುತ್ತದೆ. ಸಣ್ಣ ಅಣುಗಳು ಒಳಹೊಕ್ಕು, ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಸೇರಿ ದೊಡ್ಡವಾಗಿ, ಒಳಗೇ ಸಿಕ್ಕಿಕೊಳ್ಳುತ್ತವೆ. ಕೂದಲು ನೆನೆದಾಗ ಉಬ್ಬುತ್ತದೆ, ಆಗ ಕೆಲವು ಜಾರಿ ಹೊರಬರುತ್ತವೆ. ನೀರು ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು. ಕೆಂಪು ಛಾಯೆಗಳಂತೂ ಬೇಗ ಕೈಕೊಡುತ್ತವೆ.

ಶಾಂಪೂವಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಜಿಡ್ಡನ್ನು ತೆಗೆದು ಕೂದಲನ್ನು ಒರಟಾಗಿಸುತ್ತದೆ, ನಿಜ. ಆದರೆ ದೊಡ್ಡ ಕಳ್ಳ ನೀರೇ. ಸಲ್ಫೇಟ್ ಇಲ್ಲದ ದುಬಾರಿ ಶಾಂಪೂ ತಂದು ದಿನಾ ತಲೆ ತೊಳೆದರೆ ದುಡ್ಡು ದಂಡ. ಮೈಸೋಪು ಇನ್ನೂ ಕೆಟ್ಟದ್ದು. ಅದರ ಕ್ಷಾರಗುಣಕ್ಕೆ ಕೂದಲು ಮತ್ತಷ್ಟು ಉಬ್ಬುತ್ತದೆ, ಬೋರಿನ ಗಡಸು ನೀರಾದರೆ ಸೋಪಿನ ಕಿಟ್ಟ ಅಂಟಿ ಬಣ್ಣ ಮಂಕಾಗುತ್ತದೆ.

ಹಚ್ಚಿಸಿಕೊಂಡ ಮೇಲೆ ಎರಡು ಮೂರು ದಿನ ತಲೆಗೆ ನೀರು ಬೇಡ. ಆಮೇಲೆ ವಾರಕ್ಕೆರಡೇ ಸಲ, ಉಗುರುಬೆಚ್ಚಗಿನ ನೀರು. ಹಿಂದಿನ ರಾತ್ರಿ ತುದಿಗಳಿಗೆ ತುಸು ಕೊಬ್ಬರಿ ಎಣ್ಣೆ ಸವರಿದರೆ ಕೂದಲು ನೀರು ಹೀರುವುದು ಕಡಿಮೆ. ಶಾಂಪೂ ಬುಡಕ್ಕಷ್ಟೇ, ಕಂಡೀಷನರ್ ತುದಿಗೆ. ಬಿಳಿ ಟವೆಲ್‌ನಿಂದ ಒತ್ತಿ ನೋಡಿ: ಮೊದಲೆರಡು ಸಲ ಬಣ್ಣ ಅಂಟುವುದು ಸಹಜ, ವಾರಗಟ್ಟಲೆ ಅಂಟುತ್ತಿದ್ದರೆ ಮೊದಲು ನೀರಿನ ಬಿಸಿ ಇಳಿಸಿ, ಶಾಂಪೂ ಆಮೇಲೆ ಬದಲಿಸಿ.