ಕೆಂಪು ಪೆನ್ನಿನ ವಾರ

2018ರಲ್ಲಿ ಯುಪಿಎಸ್‌ಸಿ ಪ್ರಿಲಿಮ್ಸ್ ಇದ್ದದ್ದು ಜೂನ್ 3ರ ರವಿವಾರ. ನಾನು ಬರೆಯುವವನಲ್ಲ, ಆಗ ಎಂ.ಎ. ಮುಗಿಸಿ ಕೆಲಸ ಹುಡುಕುತ್ತ ಧಾರವಾಡದ ಸಪ್ತಾಪುರದಲ್ಲಿ ಒಂದು ರೂಮಿನಲ್ಲಿದ್ದೆ. ಬರೆಯುವವನು ನನ್ನ ಜೊತೆಗಿದ್ದ ಸಿಂದಗಿ ಕಡೆಯ ಹುಡುಗ. ಪರೀಕ್ಷೆಗೆ ಒಂದು ವಾರ ಉಳಿದಾಗ ಅವನು ಬಗಲಲ್ಲಿ ಝೆರಾಕ್ಸಿನ ದೊಡ್ಡ ಕಟ್ಟು ಹೊತ್ತು ಬಂದ. ಒಂದು ವರ್ಷದ ಪ್ರಚಲಿತ ವಿದ್ಯಮಾನ, ಯಾವುದೋ ಕೋಚಿಂಗಿನ ‘ಕೊನೇ ಗಳಿಗೆ’ ನೋಟ್ಸು, ಇನ್ನೊಬ್ಬರ ಸರ್ಕಾರಿ ಯೋಜನೆಗಳ ಪಟ್ಟಿ. ರಾತ್ರಿ ಎರಡು ಗಂಟೆಯವರೆಗೆ ಹಾಳೆ ತಿರುವುವ ಸಪ್ಪಳ ಕೇಳುತ್ತಿತ್ತು. ಬೆಳಿಗ್ಗೆ ಎದ್ದವನು ಕೇಳಿದ್ದು ಒಂದೇ: “ದೋಸ್ತ, ಹನ್ನೊಂದನೇ ಅನುಸೂಚಿಯೊಳಗ ವಿಷಯ ಎಷ್ಟಲೇ? ಹದಿನೆಂಟೋ, ಇಪ್ಪತ್ತೊಂಬತ್ತೋ?”

ಇದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮಾರ್ಚಿನಲ್ಲಿ ನಿದ್ದೆಗಣ್ಣಲ್ಲಿ ಕೇಳಿದ್ದರೂ ಹೇಳುತ್ತಿದ್ದ.

ನಮ್ಮ ಖಾನಾವಳಿಗೆ ಒಬ್ಬ ಹಿರಿಯರು ಊಟಕ್ಕೆ ಬರುತ್ತಿದ್ದರು. ಎರಡು ಸಲ ಮೇನ್ಸ್ ಬರೆದು, ಆಮೇಲೆ ಬೇರೆ ನೌಕರಿ ಹಿಡಿದವರು. ಎಲ್ಲರಿಗೂ ಅವರು ಅಣ್ಣ. ಇವನ ಮುಖ ನೋಡಿಯೇ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಅಣ್ಣಾ, ಓದಿದ್ದೆಲ್ಲಾ ಹೋಗೇತ್ರಿ” ಅಂದ. “ಎಲ್ಲೂ ಹೋಗಿಲ್ಲ ತಮ್ಮಾ. ಒಂದರ ಮ್ಯಾಲೆ ಒಂದು ಬಿದ್ದೈತಿ” ಅಂದರು. ಎಪ್ಪತ್ಮೂರನೇ ತಿದ್ದುಪಡಿ, ಹನ್ನೊಂದನೇ ಅನುಸೂಚಿ, ಪಂಚಾಯತಿಗೆ 29 ವಿಷಯ. ಎಪ್ಪತ್ನಾಲ್ಕನೇ ತಿದ್ದುಪಡಿ, ಹನ್ನೆರಡನೇ ಅನುಸೂಚಿ, ನಗರಸಭೆಗೆ 18. ಹೀಗೆ ಒಂದನ್ನೊಂದು ಹೋಲುವ ಸಂಗತಿಗಳ ಮೇಲೆ ಹೊಸ ಅಂಕಿ, ಹೊಸ ಹೆಸರು ಸುರಿದರೆ ಮೊದಲು ಕಲಸುವುದು ಇಂಥ ಜೋಡಿಗಳೇ. ಹೊಸದು ನಿಲ್ಲುವುದಿಲ್ಲ, ಹಳೆಯದು ಗಟ್ಟಿಯಾಗಿ ಉಳಿಯುವುದಿಲ್ಲ. ಗೊತ್ತಿದ್ದ ಜೋಡಿಗಳೇ ಅದಲುಬದಲಾಗತೊಡಗಿದರೆ ಅದು ಗಾಬರಿಯ ಓದು ಎಂದು ತಿಳಿಯಬೇಕು ಅನ್ನುವುದು ಅವರ ಲೆಕ್ಕ.

ಅವತ್ತು ಸಂಜೆ ಅಣ್ಣ ರೂಮಿಗೆ ಬಂದು ಆ ಕಟ್ಟನ್ನು ನನ್ನ ಮಂಚದ ಕೆಳಗೆ ತಳ್ಳಿದರು. ಇವನ ಕೈಗೆ ಖಾಲಿ ಹಾಳೆ ಕೊಟ್ಟು, ತಲೆಗೆ ‘ಪಂಚಾಯತ್ ರಾಜ್’ ಅಂತ ಬರೆಸಿದರು. ಹತ್ತು ನಿಮಿಷ ಪುಸ್ತಕ ಮುಟ್ಟುವ ಹಾಗಿಲ್ಲ, ನೆನಪಿಗೆ ಬಂದದ್ದನ್ನೆಲ್ಲ ನೀಲಿ ಪೆನ್ನಿನಲ್ಲಿ ಬರೆಯಬೇಕು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ತುಂಬಬೇಕು. ಅವನ ಹಾಳೆಯಲ್ಲಿ ಮುಕ್ಕಾಲು ಪಾಲು ನೀಲಿಯೇ ಇತ್ತು. ಬಲವಂತರಾಯ್ ಮೆಹ್ತಾ ಸಮಿತಿ, ಅಶೋಕ್ ಮೆಹ್ತಾ ಸಮಿತಿ ಎರಡೂ ಬಂದಿದ್ದವು. ಮೂರು ಹಂತ ಹೇಳಿದವರು ಯಾರು, ಎರಡು ಹಂತ ಹೇಳಿದವರು ಯಾರು ಎಂಬುದು ಮಾತ್ರ ತಿರುವುಮುರುವಾಗಿತ್ತು. ಮೂರು ಬಲವಂತರಾಯರದ್ದು, ಎರಡು ಅಶೋಕರದ್ದು ಅಂತ ಕೆಂಪಿನಲ್ಲಿ ಬರೆದ. “ನಾಳೆ ನೀ ಓದೋದು ಈ ಕೆಂಪು ಇಷ್ಟನ್ನ” ಅಂದರು ಅಣ್ಣ.

ಇದರಲ್ಲಿ ಮಂತ್ರವೇನಿಲ್ಲ. ಅಡಿಗೆರೆ ಹಾಕಿದ ಪುಟವನ್ನು ಐದನೇ ಸಲ ಓದುವಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಪರಿಚಿತವಾದದ್ದು ಗೊತ್ತಿದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಪರೀಕ್ಷೆಯಲ್ಲಿ ಪುಟ ಇರುವುದಿಲ್ಲವಲ್ಲ! ಖಾಲಿ ಹಾಳೆಯ ಮುಂದೆ ಕೂತಾಗ ಮಾತ್ರ ಏನು ಒಳಗೆ ಇಳಿದಿದೆ ಅನ್ನುವುದು ಗೊತ್ತಾಗುತ್ತದೆ. ಹಾಗೆ ನೆನಪಿನಿಂದ ಎಳೆದು ತೆಗೆಯುವುದರಿಂದಲೇ ಅದು ಇನ್ನಷ್ಟು ಗಟ್ಟಿಯೂ ಆಗುತ್ತದೆ. ಗಾಬರಿಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಲಾಭ: ಮುಗಿಯದ ಸಿಲಬಸ್ಸು ಹೋಗಿ, ಎಣಿಸಬಹುದಾದ ಒಂದಿಷ್ಟು ಕೆಂಪು ಸಾಲು ಉಳಿಯುತ್ತವೆ. ಆದರೆ ಒಂದು ಮಿತಿಯೂ ಇದೆ. ವರ್ಷವಿಡೀ ಒಮ್ಮೆಯೂ ಓದದ ವಿಷಯದ ಹಾಳೆ ಪೂರಾ ಕೆಂಪಾಗುತ್ತದೆ. ಅಂಥದ್ದನ್ನು ಅಣ್ಣ ಹರಿದು ಬಿಸಾಕಿಸಿದರು. ಪ್ರಾಚೀನ ಭಾರತದ ವಾಸ್ತುಶಿಲ್ಪದ ಹಾಳೆಗೆ ಆದದ್ದು ಇದೇ ಗತಿ.

ಬಿಡುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಬಂದದ್ದು ಲೆಕ್ಕದಿಂದ. ಪ್ರಿಲಿಮ್ಸಿನ ಮೊದಲ ಪತ್ರಿಕೆಯಲ್ಲಿ ನೂರು ಪ್ರಶ್ನೆ, ಇನ್ನೂರು ಅಂಕ, ತಪ್ಪಾದರೆ ಮೂರನೇ ಒಂದು ಪಾಲು ಕಡಿತ. 2016ರಲ್ಲಿ ಸಾಮಾನ್ಯ ವರ್ಗದ ಕಟ್‌ಆಫ್ 116. ಅಣ್ಣ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು: 85 ಪ್ರಶ್ನೆ ಮುಟ್ಟಿ, 65 ಸರಿ, 20 ತಪ್ಪಾದರೆ, 130ರಲ್ಲಿ 13.33 ಕಳೆದು 116.67. ಅಂದರೆ ನೂರರಲ್ಲಿ ಮೂವತ್ತೈದು ಕೈತಪ್ಪಿದರೂ ದಾಟಬಹುದು. ಹುಡುಗ ಅದನ್ನೇ ಬಹಳ ಹೊತ್ತು ನೋಡುತ್ತ ಕೂತ.

ಊಹೆಗೂ ಲೆಕ್ಕ ಇತ್ತು. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದಕ್ಕೆ ಹೊಡೆದರೆ, ನಾಲ್ಕು ಪ್ರಶ್ನೆಗೆ ಒಂದು ಸರಿ ಬಂದು ಎರಡು ಅಂಕ, ಮೂರು ತಪ್ಪಿಗೆ ಅದೇ ಎರಡು ಅಂಕ ಹೋಗುತ್ತದೆ. ಲಾಭವೂ ಇಲ್ಲ, ಲುಕ್ಸಾನೂ ಇಲ್ಲ, ಹೊಯ್ದಾಟ ಮಾತ್ರ ಉಳಿಯುತ್ತದೆ. ಎರಡು ಆಯ್ಕೆಯನ್ನು ನಿಜವಾಗಿ ತೆಗೆದುಹಾಕಿದ್ದರೆ, ಅಂಥ ಎರಡು ಪ್ರಶ್ನೆಗೆ ಒಂದು ಸರಿಯಾದರೂ 1.33 ಉಳಿಯುತ್ತದೆ. ‘ನಿಜವಾಗಿ’ ಅನ್ನುವುದು ಇಲ್ಲಿ ಮುಖ್ಯ, ಗಾಬರಿಯಲ್ಲಿ ತೆಗೆದುಹಾಕಿದ್ದೆಲ್ಲ ಅನುಮಾನದ ಮೇಲೆ ಆಗಿರುತ್ತದೆ. ಹಾಗಾಗಿ ಅವನ ಹಳೆಯ ಮಾಕ್ ಟೆಸ್ಟುಗಳನ್ನು ತೆಗೆದು ಎಣಿಸಿದೆವು. ಎರಡರ ನಡುವೆ ತೂಗಿದ 40 ಪ್ರಶ್ನೆಯಲ್ಲಿ 23 ಸರಿ, ಕಡಿತ ಹೋಗಿ ಹೆಚ್ಚುಕಡಿಮೆ 35 ಅಂಕದ ಗಳಿಕೆ. ಪೂರಾ ಅಂದಾಜಿನ 12ರಲ್ಲಿ ಎರಡೇ ಸರಿ. ಅವನ ನಿಯಮ ಅಲ್ಲಿಗೆ ತೀರ್ಮಾನವಾಯಿತು. ಎಷ್ಟು ಪ್ರಶ್ನೆ ಮುಟ್ಟಬೇಕು ಅನ್ನುವುದನ್ನು ಮಾತ್ರ ಅಣ್ಣ ಗೊತ್ತುಮಾಡಲು ಬಿಡಲಿಲ್ಲ. “ಪೇಪರ್ ಹೆಂಗ ಬರತೈತಿ ಯಾರಿಗ್ಗೊತ್ತು?”

ಬುಧವಾರದಿಂದ ಒಂಬತ್ತೂವರೆಯಿಂದ ಹನ್ನೊಂದೂವರೆ, ನಿಜವಾದ ಪರೀಕ್ಷೆಯ ಹೊತ್ತಿಗೇ, ಹಳೆಯ ವರ್ಷದ ಪತ್ರಿಕೆ ಮುಂದಿಟ್ಟುಕೊಂಡು ಕೂತ. ರಾತ್ರಿ ಎರಡಕ್ಕೆ ಚುರುಕಾಗಿರುವ ತಲೆಯನ್ನು ಬೆಳಗಿಗೆ ತಿರುಗಿಸಲು ಮೂರ್ನಾಲ್ಕು ದಿನ ಹಿಡಿಯುತ್ತದೆ, ಒಂದೇ ರಾತ್ರಿ ಬೇಗ ಮಲಗಿದರೆ ಆಗುವುದಲ್ಲ. ಸಂಜೆ ನಾಲ್ಕರ ಮೇಲೆ ಚಹಾ ಬಂದ್ ಆಯಿತು. ಕುಡಿದ ಕೆಫೀನಿನ ಅರ್ಧ ಇಳಿಯುವುದಕ್ಕೇ ಐದಾರು ತಾಸು ಬೇಕು. “ಶನಿವಾರ ರಾತ್ರಿ ನಿದ್ದಿ ಬರೂದಿಲ್ಲ, ಅದನ್ನ ಈಗ್ಲೇ ಒಪ್ಪಿಕೋ. ಗುರುವಾರ, ಶುಕ್ರವಾರದ ನಿದ್ದಿ ಬಿಡಬ್ಯಾಡ” ಅಂದಿದ್ದರು ಅಣ್ಣ. ನನ್ನ ಪ್ರಕಾರ ವಾರದಲ್ಲಿ ಅವರು ಆಡಿದ ಅತಿ ಉಪಯುಕ್ತ ಮಾತು ಇದೇ. ಶನಿವಾರ ಅವನು ಮೂರು ಗಂಟೆಗೆ ಎಚ್ಚರವಾಗಿ ಮಾಳಿಗೆ ನೋಡುತ್ತ ಮಲಗಿದ್ದ. ನಿದ್ದೆ ಬರಲಿಲ್ಲ ಅಂತ ಹೆದರಲಿಲ್ಲ.

ರವಿವಾರ ಮಳೆ ಹನಿಯುತ್ತಿತ್ತು. ಒಂಬತ್ತು ಇಪ್ಪತ್ತಕ್ಕೆ ಗೇಟು ಹಾಕುತ್ತಾರೆ ಅಂತ ಎಂಟಕ್ಕೇ ಮುಟ್ಟಿದ್ದೆವು. ಕಪ್ಪು ಬಾಲ್‌ಪೆನ್ನು, ಪ್ರವೇಶಪತ್ರ, ಗುರುತಿನ ಚೀಟಿ ಬಿಟ್ಟರೆ ಒಂದು ಹಾಳೆಯೂ ತಂದಿರಲಿಲ್ಲ. ಕೈ ನಡುಗುತ್ತಿತ್ತು. ಅಣ್ಣ ಹೇಳಿದ್ದಂತೆ ನನ್ನ ಹತ್ತಿರವಿದ್ದ ಪತ್ರಿಕೆಯ ಅಂಚಿನಲ್ಲಿ, ಏನೇನು ಹೆದರಿಕೆಯೋ ಅದನ್ನೆಲ್ಲ ಹತ್ತು ನಿಮಿಷ ಗೀಚಿದ. ನನಗೆ ಅದು ಹುಡುಗಾಟ ಅನ್ನಿಸಿತ್ತು. ಆಮೇಲೆ ಓದಿದೆ: ಅಮೆರಿಕದ ಇಬ್ಬರು ಸಂಶೋಧಕರು, ರಮಿರೆಜ್ ಮತ್ತು ಬೈಲಾಕ್, 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದಾರೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಆತಂಕವನ್ನು ಬರೆದಿಳಿಸಿದ ಹೆದರುಪುಕ್ಕಲ ವಿದ್ಯಾರ್ಥಿಗಳ ಅಂಕ ಸುಧಾರಿಸಿತ್ತು. ಲೆಕ್ಕ ಮಾಡಲು ಬೇಕಾದ ಜಾಗವನ್ನೇ ಚಿಂತೆ ಆಕ್ರಮಿಸಿರುತ್ತದೆ, ಬರೆದರೆ ಅದು ಕೊಂಚ ತೆರವಾಗುತ್ತದೆ ಅನ್ನುವುದು ಅವರ ವಾದ.

ಹನ್ನೊಂದೂವರೆಗೆ ಹೊರಬಂದಾಗ ಗೇಟಿನ ಬಳಿ ಉತ್ತರಗಳ ಸಂತೆ ನೆರೆದಿತ್ತು. ಇವನನ್ನು ನೇರ ಖಾನಾವಳಿಗೆ ಎಳೆದುಕೊಂಡು ಹೋದೆ. ಎರಡೂವರೆಗೆ ಸಿ-ಸ್ಯಾಟ್ ಇತ್ತು. ಅದರಲ್ಲಿ ಶೇಕಡಾ 33 ಬಂದರೆ ಸಾಕು, ಆದರೆ ಬೆಳಗಿನ ತಪ್ಪುಗಳನ್ನು ಎಣಿಸುತ್ತ ಕೂತವರು ಅದರಲ್ಲೇ ಮುಗ್ಗರಿಸುತ್ತಾರೆ. ಮೊಸರನ್ನ ಉಂಡು, ಅರ್ಧ ತಾಸು ಅಡ್ಡಾಗಿ ಹೋದ.

ಅವನು ಮೊದಲ ಪತ್ರಿಕೆಯಲ್ಲಿ ಮುಟ್ಟಿದ್ದು 78 ಪ್ರಶ್ನೆ. ತೊಂಬತ್ತೈದು ಮುಟ್ಟಲೇಬೇಕು ಅಂತ ಹಟ ಹಿಡಿದು ಹೋಗಿದ್ದ ಪಕ್ಕದ ರೂಮಿನವರು ಅವನನ್ನು ನೋಡಿ ಮರುಗಿದರು. ಪತ್ರಿಕೆ ಕಠಿಣವಿತ್ತು, ಕಟ್‌ಆಫ್ 98ಕ್ಕೆ ಇಳಿಯಿತು. ಜುಲೈಯಲ್ಲಿ ಬಂದ ಪಟ್ಟಿಯಲ್ಲಿ ಅವನ ನಂಬರು ಇತ್ತು, ಪಕ್ಕದ ರೂಮಿನವು ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು, ಮೇನ್ಸಿಗೆ ಕೈಬರಹ ರೂಢಿ ಶುರುವಾಯಿತೋ ಇಲ್ಲವೋ ಅಂತ.