ಮಗಳ ಸಹಿ ಇಲ್ಲದ ಅಗ್ರಿಮೆಂಟು

ಕಳೆದ ವರ್ಷ ತುಮಕೂರಿನ ಹೊರವಲಯದಲ್ಲಿ ನಮಗೊಂದು ಸೈಟು ಇಷ್ಟವಾಯಿತು. 1,200 ಚದರಡಿ, ಚದರಡಿಗೆ 2,000ದಂತೆ ಒಟ್ಟು 24 ಲಕ್ಷ. ಅಪ್ಪನ ಪಿಎಫ್ ದುಡ್ಡು 6 ಲಕ್ಷ, ಉಳಿದ 18 ಲಕ್ಷ ನನ್ನ ಬ್ಯಾಂಕ್ ಸಾಲ ಅಂತ ಲೆಕ್ಕ ಹಾಕಿಕೊಂಡಿದ್ದೆವು.

ಬ್ರೋಕರ್ ಅಗ್ರಿಮೆಂಟಿನ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದರು. ಬರೀ ಎರಡು ಪುಟ. ಸಹಿಯ ದಿನ 6 ಲಕ್ಷ ಮುಂಗಡ, ಬಾಕಿ 90 ದಿನದೊಳಗೆ, ತಪ್ಪಿದರೆ ಮುಂಗಡ ಮುಟ್ಟುಗೋಲು. ಮಾರುವವರು ತಪ್ಪಿದರೆ ಏನು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ಸ್ವಾಧೀನದ ದಿನಾಂಕವೂ ಇಲ್ಲ. 'ಹಣ ಸಂದಾಯವಾದ ನಂತರ' ಅಂತಷ್ಟೇ ಇತ್ತು.

"ಇ.ಸಿ. ಕ್ಲೀನಾಗಿದೆ ಅಂತಾರಲ್ಲ ಕಣೋ, ಬೇರೆಯವರು ಬಂದುಬಿಡ್ತಾರೆ, ಸಹಿ ಹಾಕ್ಬಿಡೋಣ" ಅಂದ್ರು ಅಪ್ಪ. ನನಗೂ ಅವಸರವಿತ್ತು. ಆದರೂ ಒಂದು ಸಲ ವಕೀಲರಿಗೆ ತೋರಿಸೋಣ ಅಂತ ಹೋದೆ. ಅವರು ಕಾಗದ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮಾರ್ತಿರೋರು ಯಾರು, ಕ್ರಯಪತ್ರದಲ್ಲಿರೋ ಹೆಸರು ಯಾರದು?"

ಆಗ ಗಮನಿಸಿದೆ. 2004ರ ಕ್ರಯಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವೂ ಮಾರುವವರ ತಂದೆಯ ಹೆಸರಲ್ಲಿದ್ದವು. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ಪತ್ರಗಳು ಮಾತ್ರ. ಮಾಲೀಕರು ಸತ್ತದ್ದಾಗಲಿ, ಅವರಿಗೆ ಎಷ್ಟು ಮಕ್ಕಳು ಅನ್ನೋದಾಗಲಿ ಅದರಲ್ಲಿ ಬರೋದಿಲ್ಲ. ಅದು ಕ್ಲೀನಾಗಿಯೇ ಇತ್ತು, ಆದರೆ ನಮಗೆ ಬೇಕಾದ ಉತ್ತರ ಅದರಲ್ಲಿರಲಿಲ್ಲ.

ವಕೀಲರು ವಂಶವೃಕ್ಷ ತರಿಸಿದರು. ತಾಯಿ, ಮಗ, ಮದುವೆಯಾಗಿ ದಾವಣಗೆರೆಯಲ್ಲಿರುವ ಮಗಳು, ಒಟ್ಟು ಮೂವರು. ಅದು ತಂದೆಯ ಸ್ವಂತ ದುಡಿಮೆಯ ಆಸ್ತಿ, ಉಯಿಲು ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮಪಾಲು. ಮಗಳಿಗೆ ಮದುವೆಯಾದ ಮಾತ್ರಕ್ಕೆ ಪಾಲು ತಪ್ಪೋದಿಲ್ಲ. ಅಂದರೆ ನಮಗೆ ಇಡೀ ಸೈಟು ಮಾರಲು ಹೊರಟಿದ್ದ ಮಗನಿಗೆ ಅದರಲ್ಲಿದ್ದದ್ದು 400 ಚದರಡಿಯಷ್ಟು ಪಾಲು! ಇದು ಗೊತ್ತಾದ ಮೇಲೆ ಯಾವ ಬ್ಯಾಂಕೂ 18 ಲಕ್ಷ ಕೊಡೋದಿಲ್ಲ. ಸಾಲ ಸಿಗದೆ 90 ದಿನ ಕಳೆದಿದ್ದರೆ, ತಪ್ಪು ಅವರದ್ದಾದರೂ ಅಪ್ಪನ 6 ಲಕ್ಷ ಹೋಗ್ತಿತ್ತು.

ವಕೀಲರು ಅಗ್ರಿಮೆಂಟನ್ನು ಹೊಸದಾಗಿ ಬರೆದರು. ಅದರ ತಿರುಳು ಇಷ್ಟೇ: ಹಣದ ಪ್ರತಿ ಕಂತನ್ನೂ ತಾರೀಖಿಗೆ ಕಟ್ಟಬೇಡಿ, ಕಾಗದಕ್ಕೆ ಕಟ್ಟಿ. ಮೂವರೂ ಸಹಿ ಹಾಕಿದ ದಿನ 3 ಲಕ್ಷ. ಖಾತೆ ಮೂವರ ಹೆಸರಿಗೂ ಬಂದು ಮೂಲಪತ್ರಗಳನ್ನು ಬ್ಯಾಂಕಿನ ಪರಿಶೀಲನೆಗೆ ಕೊಟ್ಟ ದಿನ ಇನ್ನು 3 ಲಕ್ಷ. 90 ದಿನದ ಎಣಿಕೆ ಶುರುವಾಗೋದು ಆಮೇಲೆ. ಉಳಿದ 18 ಲಕ್ಷ ಕ್ರಯಪತ್ರ ನೋಂದಣಿಯ ದಿನ, ಉಪನೋಂದಣಾಧಿಕಾರಿ ಕಚೇರಿಯಲ್ಲೇ. ಪ್ರತಿ ಕಂತೂ ಮೂರು ಸಮಭಾಗವಾಗಿ, ಒಬ್ಬೊಬ್ಬರ ಖಾತೆಗೆ. ಆರು ತಿಂಗಳಲ್ಲಿ ಖಾತೆ ಬದಲಾಗದಿದ್ದರೆ ನಮ್ಮ ಹಣ ಬಡ್ಡಿ ಸಮೇತ ವಾಪಸ್.

ಸ್ವಾಧೀನ ಅಗ್ರಿಮೆಂಟಿನ ದಿನವೇ ಸಿಕ್ಕರೆ ಚೆನ್ನಲ್ವಾ ಅಂತ ನಾನು ಕೇಳಿದ್ದೆ. ಹಾಗೆ ಮಾಡಿದರೆ ಕ್ರಯಪತ್ರಕ್ಕೆ ಕಟ್ಟುವಷ್ಟೇ ಮುದ್ರಾಂಕ ಶುಲ್ಕವನ್ನು ಈಗಲೇ ಕಟ್ಟಬೇಕಾಗುತ್ತೆ ಅಂದ್ರು. ಅಷ್ಟು ಕಟ್ಟಿದರೂ ಅಗ್ರಿಮೆಂಟಿನಿಂದ ಯಾರೂ ಮಾಲೀಕರಾಗೋದಿಲ್ಲ, ಅದೇನಿದ್ದರೂ ಕ್ರಯಪತ್ರದಿಂದಲೇ. ಹಾಗಾಗಿ 'ನೋಂದಣಿಯ ದಿನವೇ, ನಾಲ್ಕೂ ಮೂಲೆಯ ಕಲ್ಲು ತೋರಿಸಿ, ಖಾಲಿ ಸ್ವಾಧೀನ' ಅಂತ ಬರೆಸಿದೆವು. ಅಗ್ರಿಮೆಂಟನ್ನೂ ನೋಂದಣಿ ಮಾಡಿಸಿದೆವು. ಅವರು ಇನ್ನೊಬ್ಬರಿಗೆ ಮಾರಲು ಹೋದರೆ ಆ ಇನ್ನೊಬ್ಬರು ತೆಗೆಸುವ ಇ.ಸಿ.ಯಲ್ಲಿ ನಮ್ಮ ಅಗ್ರಿಮೆಂಟು ಕಾಣಲಿ ಅಂತ.

ಮಗ ಮೊದಲು ಸಿಟ್ಟಾದರು. "ನಮ್ಮ ತಂಗಿ ಏನೂ ಕೇಳಲ್ಲ ಸಾರ್" ಅಂತ ಮೂರು ಸಲ ಹೇಳಿದರು. ಕೊನೆಗೆ ತಂಗಿ ದಾವಣಗೆರೆಯಿಂದ ಬಂದರು. ಸಹಿ ಮಾಡುವ ಮುಂಚೆ ಅಗ್ರಿಮೆಂಟನ್ನು ನಿಧಾನಕ್ಕೆ ಪೂರ್ತಿ ಓದಿದರು. ಆಮೇಲೆ ಅಣ್ಣನ ಕಡೆ ನೋಡದೆ ನಮ್ಮಪ್ಪನಿಗೆ, "ಸೈಟು ಮಾರ್ತಿರೋದು ನನಗೆ ಗೊತ್ತಾಗಿದ್ದೇ ಹೋದ ವಾರ ಸಾರ್" ಅಂದ್ರು. ಅಪ್ಪ ಏನೂ ಮಾತಾಡಲಿಲ್ಲ. ಪೆನ್ನು ಮುಂದೆ ಮಾಡಿದರು.

ಖಾತೆ ಬದಲಾಗೋಕೆ ನಾಲ್ಕು ತಿಂಗಳು ಹಿಡಿಯಿತು. ಹಳೇ ಕರಡಿನ ಪ್ರಕಾರ ನಮ್ಮ ಗಡುವು ಅದಕ್ಕೂ ಒಂದು ತಿಂಗಳು ಮುಂಚೆಯೇ ಮುಗಿದುಹೋಗಿರುತ್ತಿತ್ತು. ಈಗಲೂ ಯಾರಾದರೂ "ಇ.ಸಿ. ಕ್ಲೀನಾಗಿದೆ" ಅಂದರೆ ಅಪ್ಪನೇ ಕೇಳ್ತಾರೆ, "ಪತ್ರದಲ್ಲಿರೋ ಹೆಸರು ಯಾರದು?"