ಹೊಸ ಮ್ಯಾನೇಜರರ ಮೊದಲ ಕಾಗದ

ವಠಾರದ ಮನೆಗಳ ಕಾಲದಲ್ಲಿ ಇಂಥ ಕಾಗದದ ಅಗತ್ಯವೇ ಇರಲಿಲ್ಲ. ಮಾಲೀಕರು ಮುಂದಿನ ಮನೆಯಲ್ಲೇ ಇರುತ್ತಿದ್ದರು. ನಲ್ಲಿಯಲ್ಲಿ ನೀರು ಬಂದರೆ ಅವರ ಮನೆಯಾಕೆ ಕೂಗಿ ಹೇಳುತ್ತಿದ್ದರು. ಬಾಡಿಗೆ ತಡವಾದರೆ ಅವರ ಕೆಮ್ಮೇ ನೆನಪಿಸುತ್ತಿತ್ತು. ಫ್ಲಾಟುಗಳ ವ್ಯವಹಾರ ಹಾಗಲ್ಲ. ಒಂದೊಂದು ಮನೆಗೆ ಒಬ್ಬೊಬ್ಬ ಮಾಲೀಕ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈನಲ್ಲಿ. ಕಟ್ಟಡವನ್ನು ನೋಡಿಕೊಳ್ಳಲು ಮಾಲೀಕರ ಸಂಘ, ಸಂಘದ ಕೆಲಸ ಮಾಡಲು ಸಂಬಳದ ಮ್ಯಾನೇಜರ್. ಮ್ಯಾನೇಜರ್ ಬದಲಾದಾಗ ಬಾಗಿಲ ಕೆಳಗೆ ಒಂದು ಕಾಗದ ತೂರಿಬರುತ್ತದೆ: 'ನಾನು ಇಂಥವನು, ಇಂದಿನಿಂದ ಅಧಿಕಾರ ವಹಿಸಿಕೊಂಡಿದ್ದೇನೆ.'

ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೆ ಈ ಕೆಲಸ ಬಂದದ್ದು ಆಕಸ್ಮಿಕ. ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲೆಯಾದ ಮೇಲೆ ಊರು ಬೆಳೆಯಿತು. ನಾಲ್ಕಂತಸ್ತಿನ ಕಟ್ಟಡಗಳು ಇಲ್ಲೂ ಎದ್ದವು. ಅಂಥದೊಂದರಲ್ಲಿ ಇಪ್ಪತ್ತನಾಲ್ಕು ಮನೆಗಳು. ಕೆಲವು ಮನೆಗಳಲ್ಲಿ ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಕಾಲೇಜಿಗೆ ಬಂದ ಹುಡುಗರು, ಉಳಿದವುಗಳಲ್ಲಿ ಸಂಸಾರಸ್ಥರು. ಸಂಘದವರು ಕೇಳಿದರು, ನಾನು ಒಪ್ಪಿದೆ. ನನಗಿಂತ ಮುಂಚಿನವರು ಬರೆದ ಪರಿಚಯಪತ್ರ ಇನ್ನೂ ನೋಟಿಸು ಬೋರ್ಡಿನಲ್ಲಿತ್ತು. 'ನಾನು ಕೆಲಸಕ್ಕೆ ಸೇರಿದ್ದೇನೆ. ಎಲ್ಲರೂ ಸಹಕರಿಸಬೇಕು. ತಿಂಗಳ ಹಣವನ್ನು ಐದನೇ ತಾರೀಖಿನೊಳಗೆ ಕಟ್ಟಬೇಕು.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದವರಿಗೆ ಉಪಯೋಗವಾಗುವ ಮಾತೂ ಒಂದಿಲ್ಲ.

ಅದರ ಕೆಳಗೇ ಇನ್ನೊಂದು ನೋಟಿಸು: 'ಮೂರನೇ ಮಹಡಿಯ ವಿದ್ಯಾರ್ಥಿಗಳು ನೀರು ಪೋಲು ಮಾಡುತ್ತಿರುವುದರಿಂದ ಟ್ಯಾಂಕರ್ ಖರ್ಚು ಹೆಚ್ಚಾಗಿದೆ.' ಆ ಮನೆಯ ಮಾಲೀಕರಿಗೆ ದೂರು ಹೋಗಿ, ಹುಡುಗರನ್ನು ಬಿಡಿಸುವ ಮಾತೂ ನಡೆದಿತ್ತು. ಪರೀಕ್ಷೆಗೆ ಎರಡು ತಿಂಗಳಿತ್ತು.

ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ವರ್ಗವಾದಾಗ ಚಾರ್ಜ್ ಕೊಡುವುದು, ತೆಗೆದುಕೊಳ್ಳುವುದು ಎಂದು ಒಂದು ಪದ್ಧತಿಯಿದೆ. ಬೆಂಚುಗಳೆಷ್ಟು, ಭೂಪಟಗಳೆಷ್ಟು, ನಗದು ಪುಸ್ತಕದಲ್ಲಿ ಉಳಿದದ್ದೆಷ್ಟು ಎಂದು ಇಬ್ಬರೂ ಎದುರೆದುರು ನಿಂತು ಎಣಿಸಿ ರುಜು ಹಾಕುತ್ತಾರೆ. ಕಟ್ಟಡಕ್ಕೂ ಅದೇ ಸರಿ ಎಂದು ನನಗನ್ನಿಸಿತು. ಎಣಿಕೆ ಮುಗಿಯುವ ತನಕ ಪರಿಚಯಪತ್ರ ಬರೆಯಲಿಲ್ಲ.

ಮೊದಲು ಓದಿಕೊಂಡದ್ದು ವಿದ್ಯುತ್ ಮೀಟರು. ಪಂಪು, ಲಿಫ್ಟು, ಮೆಟ್ಟಿಲ ದೀಪ ಮೂರಕ್ಕೂ ಸೇರಿ ಒಂದು ಮೀಟರಿದೆ. ಬೆಸ್ಕಾಂ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೂ ಮೀಟರಿನ ಮೇಲೆ ಬರೆದಿದ್ದ ಸಂಖ್ಯೆಯೂ ಒಂದೇ ಹೌದೇ ಎಂದು ನೋಡಿ, ಆ ದಿನದ ಅಂಕಿಯನ್ನು ಬರೆದು, ಹಳಬರೂ ನಾನೂ ರುಜು ಹಾಕಿದೆವು. ತಿಂಗಳ ನಡುವೆ ಕೈ ಬದಲಾದಾಗ ಈ ಅಂಕಿ ಇಲ್ಲದಿದ್ದರೆ, ಮುಂದೆ ಬಿಲ್ಲು ಏರಿದಾಗ ಯಾರ ಕಾಲದಲ್ಲಿ ಏರಿತೆಂದು ಹೇಳಲಾಗುವುದಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಬಾಕಿಗೂ ಇದೇ ಮಾತು. ಹಳಬರ ಬಳಿ ಐದು ಮನೆಗಳ ನಕಲಿ ಕೀಲಿಗಳಿದ್ದವು. ಅವನ್ನು ಆಯಾ ಮನೆಯವರಿಗೆ ಹಿಂದಿರುಗಿಸಿ ರುಜು ಪಡೆದೆ.

ಇನ್ನು ನೀರಿನ ವಿಷಯ. ನಮ್ಮ ಸಂಪು ಒಳ ಅಳತೆಯಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳ. ಗುಣಿಸಿದರೆ 30 ಘನ ಮೀಟರ್, ಅಂದರೆ 30,000 ಲೀಟರ್. ಒಳಚರಂಡಿಯಿರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಸರಬರಾಜಿನ ಎಂಜಿನಿಯರುಗಳ ಲೆಕ್ಕ. ಮನೆಗೆ ನಾಲ್ವರಂತೆ ತೊಂಬತ್ತಾರು ಜನಕ್ಕೆ 12,960 ಲೀಟರ್ ಬೇಕು. ತುಂಬಿದ ಸಂಪು ಎರಡು ದಿನಕ್ಕೆ ಮೇಲಾಗಿ ಬರಬೇಕು. ನಮ್ಮದು ಬರುತ್ತಿರಲಿಲ್ಲ.

ಹುಡುಗರನ್ನು ವಿಚಾರಿಸುವ ಮೊದಲು ಸಂಪನ್ನು ವಿಚಾರಿಸೋಣ ಎಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ಸಂಪಿಗೆ ನೀರು ಬರುವ ಕೊಳವೆಗಳ ವಾಲ್ವುಗಳನ್ನು ಮುಚ್ಚಿ, ಪಂಪು ನಿಲ್ಲಿಸಿ, ಗುರುತು ಹಾಕಿದ ಕೋಲನ್ನು ಇಳಿಬಿಟ್ಟು ನೀರಿನ ಎತ್ತರ ನೋಡಿದೆ. 180 ಸೆಂಟಿಮೀಟರ್. ಬೆಳಿಗ್ಗೆ ಐದಕ್ಕೆ ನೋಡಿದರೆ 176. ರಾತ್ರಿ ಯಾರು ಎಷ್ಟು ಬಳಸಿದರೂ ಅದು ಮೇಲಿನ ಟ್ಯಾಂಕಿನ ನೀರು. ಸಂಪಿನಿಂದ ಒಂದು ಚೊಂಬೂ ಹೋಗುವಂತಿಲ್ಲ. ಸಂಪಿನ ತಳ 15 ಚದರ ಮೀಟರಾದ್ದರಿಂದ ಒಂದು ಸೆಂಟಿಮೀಟರ್ ಇಳಿದರೆ 150 ಲೀಟರ್ ಹೋದಂತೆ. ನಾಲ್ಕು ಸೆಂಟಿಮೀಟರಿಗೆ 600 ಲೀಟರ್, ಅದೂ ಆರೇ ಗಂಟೆಯಲ್ಲಿ. ಸಂಪು ತುಂಬಿಯೇ ಇದ್ದರೆ ದಿನಕ್ಕೆ 2,400 ಲೀಟರ್. ಕಟ್ಟಡದ ದಿನದ ಬಳಕೆಯ ಐದನೇ ಒಂದು ಪಾಲಿನಷ್ಟು.

ಸೋರುವುದೆಲ್ಲಿ ಎಂದು ತಿಳಿಯಲು ನೆಲ ಅಗೆಯಬೇಕಾಗಿಲ್ಲ. ನೀರು ಬಿರುಕಿಗಿಂತ ಕೆಳಗಿಳಿದರೆ ಸೋರಿಕೆ ತಾನಾಗಿ ನಿಲ್ಲುತ್ತದೆ. ಮರುದಿನ ಪಂಪು ಓಡಿಸಿ ನೀರನ್ನು 140 ಸೆಂಟಿಮೀಟರಿಗೆ ಇಳಿಸಿ, ರಾತ್ರಿ ಮತ್ತೆ ಅಳೆದೆ. ಆಗಲೂ ಇಳಿಯಿತು, ಆದರೆ ಸ್ವಲ್ಪ ಕಡಿಮೆ. ಮೇಲಿನ ನೀರಿನ ಒತ್ತಡ ತಗ್ಗಿತ್ತಲ್ಲ. ಮೂರನೇ ರಾತ್ರಿ 100 ಸೆಂಟಿಮೀಟರಿನಲ್ಲಿಟ್ಟೆ. ಬೆಳಿಗ್ಗೆಯೂ 100. ದೋಷ ಈ ಎರಡು ಗುರುತುಗಳ ನಡುವೆ ಇದೆಯೆಂದಾಯಿತು. ಟಾರ್ಚ್ ಬಿಟ್ಟು ನೋಡಿದರೆ, ಅಲ್ಲೇ ಒಂದು ಹಳೆಯ ಕೊಳವೆ ಗೋಡೆಯೊಳಗೆ ಹಾಯುವ ಜಾಗದಲ್ಲಿ ಗಾರೆ ಬಿಟ್ಟುಕೊಂಡಿತ್ತು. ಮೇಸ್ತ್ರಿಯ ಅರ್ಧ ದಿನದ ಕೆಲಸ. ಗಾರೆ ಗಟ್ಟಿಯಾದ ಮೇಲೆ ಸಂಪು ತುಂಬಿಸಿ ಅಳೆದರೆ ಕೋಲಿನ ಗುರುತು ರಾತ್ರಿ ಎಲ್ಲಿತ್ತೋ ಬೆಳಿಗ್ಗೆಯೂ ಅಲ್ಲೇ ಇತ್ತು.

ಮನೆಗಳೊಳಗಿನ ಸೋರಿಕೆಯನ್ನು ಹುಡುಕಲು ಅದೇ ಮೂರನೇ ಮಹಡಿಯ ಹುಡುಗರು ನೆರವಾದರು. ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ಒಂದು ಚಮಚ ಅರಿಶಿನ ಕದಡಿ, ಅರ್ಧ ಗಂಟೆ ಯಾರೂ ಬಳಸದೆ ಬಿಡುವುದು. ಕೆಳಗಿನ ಬೋಗುಣಿಯಲ್ಲಿ ಹಳದಿ ಬಣ್ಣ ಕಂಡರೆ ಟ್ಯಾಂಕಿನ ರಬ್ಬರು ಸವೆದಿದೆ ಎಂದರ್ಥ. ಇಪ್ಪತ್ತನಾಲ್ಕರಲ್ಲಿ ಎರಡು ಸಿಕ್ಕಿದವು. ಒಂದು ಹುಡುಗರ ಮನೆಯದೇ. ಇನ್ನೊಂದು ಸಂಘದ ಕಾರ್ಯದರ್ಶಿಗಳದು. ಅವರು ನಕ್ಕು ರಬ್ಬರು ತರಿಸಿದರು.

ನೀರು ಎಷ್ಟು ಎಂಬುದಾಯಿತು, ಎಂಥದ್ದು ಎಂಬುದು ಉಳಿಯಿತು. ಊರಿಗೆ ಜಕ್ಕಲಮಡಗು ಜಲಾಶಯದಿಂದ ನಗರಸಭೆಯ ನೀರು ಬರುತ್ತದೆ. ಅದು ಬಾರದ ದಿನ ನಮ್ಮ ಕೊಳವೆಬಾವಿಯ ನೀರು. ಎರಡೂ ಬೀಳುವುದು ಒಂದೇ ಸಂಪಿಗೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಈ ಸೀಮೆಯಲ್ಲಿ ಆಳದ ನೀರಿಗೆ ಕಲ್ಲಿನಿಂದ ಫ್ಲೋರೈಡ್ ಸೇರಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನಕ. ಪ್ರಯೋಗಾಲಯಕ್ಕೆ ಕಳಿಸಿದ ನಮ್ಮ ಕೊಳವೆಬಾವಿಯ ನೀರಿನಲ್ಲಿ 1.8 ಇತ್ತು. ಇದು ರುಚಿಯಿಂದಲೋ ಬಣ್ಣದಿಂದಲೋ ತಿಳಿಯುವಂಥದಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರೂ ಇದನ್ನು ತಡೆಯದು. ಆರ್.ಓ. ಯಂತ್ರ ತಡೆಯುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರಿಗೆ ಇದು ಮುಖ್ಯ. ಹುಟ್ಟಬೇಕಾದ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸು ಅದು. ಆಗ ಬಿದ್ದ ಕಲೆ ಉಜ್ಜಿದರೆ ಹೋಗುವುದಿಲ್ಲ.

ಇಷ್ಟಾದ ಮೇಲೆ, ಸೇರಿದ ಹತ್ತನೇ ದಿನ, ಕಾಗದ ಬರೆದೆ. ಅದು ಹೀಗಿತ್ತು:

'ನಿವಾಸಿಗಳಿಗೆ ನಮಸ್ಕಾರ. ಈ ತಿಂಗಳ ಒಂದನೇ ತಾರೀಖಿನಿಂದ ಕಟ್ಟಡದ ಮ್ಯಾನೇಜರ್ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಅಂದಿನ ಮೀಟರಿನ ಅಂಕಿಯೂ ಸಂಘದ ಖಾತೆಯಲ್ಲಿದ್ದ ಹಣವೂ ಈ ಕಾಗದದ ಹಿಂಬದಿಯಲ್ಲಿವೆ. ನಿಮ್ಮ ಮನೆಯ ಬಾಕಿಯನ್ನು ನಿಮಗೊಬ್ಬರಿಗೇ ತೋರಿಸುತ್ತೇನೆ, ಬೋರ್ಡಿನಲ್ಲಿ ಹಾಕುವುದಿಲ್ಲ. ಸಂಘದ ಬ್ಯಾಂಕ್ ಖಾತೆ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಾದರೂ ಹೇಳಿದರೆ, ಹಣ ಕಟ್ಟುವ ಮೊದಲು ಕಾರ್ಯದರ್ಶಿಗಳನ್ನು ಕೇಳಿ. ರಸೀದಿಯಿಲ್ಲದೆ ನನಗೂ ಕಾವಲುಗಾರರಿಗೂ ಹಣ ಕೊಡಬೇಡಿ. ಸಂಪಿನಿಂದ ದಿನಕ್ಕೆ ಸುಮಾರು 2,400 ಲೀಟರ್ ನೀರು ಸೋರುತ್ತಿತ್ತು; ದುರಸ್ತಿಯಾಗಿದೆ. ನೀರಿನ ಕೊರತೆಗೆ ಮೂರನೇ ಮಹಡಿಯವರು ಕಾರಣರೆಂಬ ಹಿಂದಿನ ನೋಟಿಸನ್ನು ತೆಗೆಯಲಾಗಿದೆ. ನಲ್ಲಿಯ ನೀರು ಬಳಕೆಗೆ ಮಾತ್ರ. ಕುಡಿಯಲು, ಅಡಿಗೆಗೆ ಆರ್.ಓ. ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಬಳಸಿ. ನಿಮ್ಮ ಮನೆಯೊಳಗೆ ಬರಬೇಕಾದರೆ ಹಿಂದಿನ ದಿನವೇ ತಿಳಿಸುತ್ತೇನೆ. ಬೆಂಕಿ ಬಿದ್ದರೆ, ಕೊಳವೆ ಒಡೆದರೆ ಮಾತ್ರ ಹಾಗೆಯೇ ಬರುತ್ತೇನೆ.'

ಕೆಳಗೆ ಮೂರು ರುಜುಗಳು: ನನ್ನದು, ಕಾರ್ಯದರ್ಶಿಗಳದು, ಕೆಲಸ ಬಿಟ್ಟವರದು. ಹಳಬರು ರುಜು ಹಾಕಲು ಮೊದಲು ಹಿಂಜರಿದರು. ಅವರನ್ನು ದೂರುವ ಮಾತು ಒಂದೂ ಇಲ್ಲವೆಂದು ಎರಡು ಸಲ ಓದಿ ನೋಡಿ ಹಾಕಿದರು. ಆ ರುಜುವಿನ ಅಗತ್ಯವಿತ್ತು. ನಾನೇ ಹೊಸ ಮ್ಯಾನೇಜರ್ ಎಂದು ಯಾರು ಬೇಕಾದರೂ ಒಂದು ಕಾಗದ ಹಂಚಿ ಹಣ ಕೇಳಬಹುದು. ಜನರಿಗೆ ಗೊತ್ತಿರುವ ಇಬ್ಬರ ಕೈಬರಹ ಕೆಳಗಿದ್ದರೆ ಅದು ಸುಲಭವಲ್ಲ.

ಓದಲು ಬೇರೆ ಊರಿಗೆ ಹೋಗಿರುವ ಮಕ್ಕಳೂ ಅವರ ತಂದೆತಾಯಿಗಳೂ ಇನ್ನೊಂದು ವಿಷಯ ತಿಳಿದಿರಬೇಕು. ಮ್ಯಾನೇಜರ್ ಸಂಘದ ನೌಕರ, ಮನೆಯ ಮಾಲೀಕನಲ್ಲ. ನೀವು ಕೊಟ್ಟ ಮುಂಗಡ ಹಣ ಇರುವುದು ಮನೆಯ ಮಾಲೀಕರ ಬಳಿ, ಬಾಡಿಗೆ ಕರಾರು ಆಗಿರುವುದೂ ಅವರ ಜೊತೆ. ಮ್ಯಾನೇಜರ್ ಬದಲಾದ ಮಾತ್ರಕ್ಕೆ ಕರಾರು ಹೊಸದಾಗುವುದಿಲ್ಲ, ಮುಂಗಡ ಏರುವುದೂ ಇಲ್ಲ. ಹೊಸಬರು 'ಮನೆ ಖಾಲಿ ಮಾಡಿ' ಎಂದರೆ, ಮಾಲೀಕರು ಬರೆದುಕೊಟ್ಟ ಕಾಗದ ಎಲ್ಲಿ ಎಂದು ಗೌರವದಿಂದಲೇ ಕೇಳಬಹುದು.

ನನ್ನ ಕಾಗದ ಹಂಚಿದ ಸಂಜೆ ಮೂರನೇ ಮಹಡಿಯಿಂದ ಒಬ್ಬ ಹುಡುಗ ಇಳಿದು ಬಂದ. ಸಿವಿಲ್ ಎಂಜಿನಿಯರಿಂಗ್ ಓದುವವನು. 'ಸಾರ್, ಈ ಕಾಗದದ ಇನ್ನೊಂದು ಪ್ರತಿ ಬೇಕಿತ್ತು. ಮನೆ ಓನರ್‌ಗೆ ಕಳಿಸಬೇಕು' ಎಂದ. ಕೊಟ್ಟೆ. ಆ ಹುಡುಗರು ಪರೀಕ್ಷೆ ಮುಗಿಯುವ ತನಕ ಅದೇ ಮನೆಯಲ್ಲಿದ್ದು ಬರೆದರು.